ಮುಳುಗಿದ ಬಿಲ್ಲಿನ ಜಿಎಸ್‌ಟಿ ಯಾರಿಗಾದ್ರೂ ವಾಪಸ್ ಬಂದದೇನ್ರಿ?

ಪ್ಯಾನಲ್ ಬೋರ್ಡ್, ಗೋಕುಲ ರೋಡ್ ಹುಬ್ಬಳ್ಳಿ:
ರಾಣೆಬೆನ್ನೂರಿನ ಪಾರ್ಟಿಗೆ 12-8-2024ರ ಬಿಲ್ಲು. ಮಾಲು 4,00,000, ಜಿಎಸ್‌ಟಿ 72,000. ಬಂದದ್ದು 1,18,000, ನಿಂತದ್ದು 3,54,000. ಬಾಗಿಲಾ ಹಾಕ್ಯಾರ, ಫೋನ್ ಎತ್ತೂದಿಲ್ಲ. ನಮ್ಮದು ಪಾಲುದಾರಿ ಫರ್ಮು. ಈ ಮಾರ್ಚ್ 31ಕ್ಕ ರೈಟ್ ಆಫ್ ಮಾಡೋಣಂತೀವಿ. ಕಟ್ಟಿದ ತೆರಿಗಿ ಹೊಂದಿಸ್ಕೊಳ್ಳೂದು ಹೆಂಗ? ಅನುಭವ ಇದ್ದವರು ಹೇಳ್ರಿ.

ಹಾರ್ಡ್‌ವೇರ್, ಹಾವೇರಿ:
ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? 3,00,000ಕ್ಕ ಕ್ರೆಡಿಟ್ ನೋಟ್ ಹಾಕ್ರಿ, ಕಾರಣ ‘ರೇಟ್ ಡಿಫರೆನ್ಸ್’ ಅಂತ ಬರೀರಿ. ಜಿಎಸ್‌ಟಿಆರ್-1ರಾಗ ತೋರಿಸಿದ್ರ ಮುಂದಿನ 3ಬಿ ಒಳಗ 54,000 ತಾನ ಕಡಿಮಿ ಆಗ್ತದ. ನಾವು ಎರಡು ಬಿಲ್ಲಿಗೆ ಹಿಂಗ ಮಾಡೀವಿ, ಇಲ್ಲೀತನಕ ಯಾರೂ ಕೇಳಿಲ್ಲ.

ಲೆಕ್ಕದ ಮನಿ, ಧಾರವಾಡ:
ಯಾರೂ ಕೇಳಿಲ್ಲ ಅಂದ್ರ ಇನ್ನೂ ಕೇಳಿಲ್ಲ ಅಂತ ಅರ್ಥರೀ. ಕಲಂ 34ರಾಗ ಕ್ರೆಡಿಟ್ ನೋಟಿಗೆ ಕಾರಣ ಗುರುತು ಮಾಡಿಟ್ಟಾರ: ಬಿಲ್ಲಿನಾಗ ಬೆಲಿ ಅಥವಾ ತೆರಿಗಿ ಹೆಚ್ಚಾಗಿ ಬಿದ್ದಿರಬೇಕು, ಮಾಲು ತಿರುಗಿ ಬಂದಿರಬೇಕು, ಇಲ್ಲಾ ಮಾಲಿನಾಗ ಕೊರತಿ ಇರಬೇಕು. ರೊಕ್ಕ ಬರಲಿಲ್ಲ ಅನ್ನೂದು ಅದರಾಗ ಇಲ್ಲ. ನಮ್ಮ ಜಿಎಸ್‌ಟಿಯೊಳಗ ಮುಳುಗಿದ ಬಾಕಿಗೆ ತೆರಿಗಿ ವಾಪಸ್ ಕೊಡೂ ದಾರಿನ ಇಲ್ಲ.

ಅದನ್ನ ಬಿಟ್ಟರೂ ದಿನಾ ಮುಗದಾವ. 2024-25ರ ಬಿಲ್ಲಿಗೆ ಕ್ರೆಡಿಟ್ ನೋಟ್ ತೋರಿಸೂ ಗಡುವು 30-11-2025, ಇಲ್ಲಾ ವಾರ್ಷಿಕ ರಿಟರ್ನ್ ಹಾಕಿದ ದಿನ, ಯಾವುದು ಮೊದಲೋ ಅದು. ಅದರ ಮ್ಯಾಲೆ ಈಗ ಐಎಂಎಸ್ ಬಂದದ. ಎದುರಿನವರು ನೋಟ್ ರಿಜೆಕ್ಟ್ ಮಾಡಿದ್ರ ನೀವು ಕಡಿಮಿ ಮಾಡಿದ ತೆರಿಗಿ ಮುಂದಿನ 3ಬಿ ಒಳಗ ನಿಮ್ಮ ತಲಿ ಮ್ಯಾಲ ಬರ್ತದ. ಸುಳ್ಳು ಕಾರಣದ ನೋಟ್ ಸಿಕ್ಕಿಬಿದ್ದರ 54,000 ಅಷ್ಟ ಅಲ್ಲ, ವರ್ಷಕ್ಕ 18 ಟಕ್ಕೆ ಬಡ್ಡಿ, ದಂಡ ಬ್ಯಾರೆ.

ನಿಮ್ಮ ಕೈಯಾಗ ಉಳದದ್ದು ಆದಾಯ ತೆರಿಗಿ ಒಂದ. ಅಲ್ಲೂ ಹಳೇ ರಿಟರ್ನ್ ತಿದ್ದೂ ಮಾತಿಲ್ಲ. ರೈಟ್ ಆಫ್ ಮಾಡಿದ ವರ್ಷದ ಲಾಭದಾಗ ಕಡಿತ ಸಿಗ್ತದ. ಬಾಕಿ ಮುಳುಗೇದ ಅಂತ ಸಾಬೀತು ಮಾಡೂದೂ ಬೇಕಿಲ್ಲ, ಪುಸ್ತಕದಾಗ ತೆಗದು ಹಾಕಿದ್ರ ಸಾಕು ಅಂತ ಸುಪ್ರೀಂ ಕೋರ್ಟ್ 2010ರಾಗ ಟಿಆರ್‌ಎಫ್ ಪ್ರಕರಣದಾಗ ಹೇಳೇದ. ಆದ್ರ ‘ಸಂಶಯದ ಬಾಕಿಗೆ ಮೀಸಲು’ ಅಂತ ತೋರಿಸಿ ಪಾರ್ಟಿ ಖಾತೆ ಹಂಗ ನಿಲ್ಲಿಸಿದ್ರ ಒಂದು ಪೈಸೇನೂ ಸಿಗೂದಿಲ್ಲ.

ಟ್ಯಾಲಿಯೊಳಗ 31-3-2026ರ ತಾರೀಖಿಗೆ ಜರ್ನಲ್:

```
Bad Debts            Dr  3,00,000
Bad Debts - GST      Dr    54,000
   To Party (Agst Ref)   3,54,000
```

ಭಾಳ ಮಂದಿ 54,000ನ್ನ ಔಟ್‌ಪುಟ್ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಖಾತೆಗೆ ಡೆಬಿಟ್ ಹಾಕ್ತಾರ. ಹಾಕಿದ್ರ ಆ ಖಾತೆ 3ಬಿಗೆ ಹೊಂದೂದಿಲ್ಲ, ವರ್ಷಗಟ್ಟಲೆ 54,000 ಡೆಬಿಟ್ ಜೋತಾಡ್ತಿರತದ. ಖರ್ಚಿನ ಖಾತೆ ಬ್ಯಾರೆ ಮಾಡಿ ಅದಕ್ಕ ಹಾಕ್ರಿ. ಐಟಿಆರ್ ಫಾರ್ಮಿನಾಗ 1 ಲಕ್ಷ ಮುಟ್ಟಿದ ಬ್ಯಾಡ್ ಡೆಟ್ ಇದ್ದರ ಪಾರ್ಟಿಯ ಪ್ಯಾನ್ ಕೇಳ್ತದ. ಪಾರ್ಟಿ ಸಿಗದಿದ್ದರೂ ಚಿಂತಿಲ್ಲ, ಅವರ ಜಿಎಸ್‌ಟಿ ನಂಬರಿನ ಮೊದಲಿನ ಎರಡು ಅಂಕಿ ಬಿಟ್ಟು ಮುಂದಿನ ಹತ್ತು ಅಕ್ಷರನ ಪ್ಯಾನ್.

ಪ್ರಿಂಟಿಂಗ್ ಪ್ರೆಸ್, ಗದಗ:
ಇಷ್ಟೆಲ್ಲಾ ಓದಿ ಹೊಟ್ಟಿ ಉರೀತದ. ನಾವು 44ಎಡಿ, ಅಂದಾಜು ಲಾಭದ ಮ್ಯಾಲೆ ತೆರಿಗಿ ಕಟ್ಟೋರು. ಚುನಾವಣಿ ಕರಪತ್ರದ ಬಾಕಿ 86,000 ಮುಳುಗಿತು, ರೈಟ್ ಆಫ್ ಹಾಕಿದ್ರ ‘ನಿಮಗ ಯಾವ ಕಡಿತಾನೂ ಇಲ್ಲ’ ಅಂತಾರ. ಅದರಾಗೂ ಬ್ಯಾಂಕಿನಾಗ ಬಂದ ರೊಕ್ಕಕ್ಕ 6 ಟಕ್ಕೆ ಲಾಭ, ರಿಟರ್ನ್ ಗಡುವಿನೊಳಗ ಬರದ ರೊಕ್ಕಕ್ಕ 8 ಟಕ್ಕೆ! ಬಾರದ ರೊಕ್ಕದ ಮ್ಯಾಲೆ ಹೆಚ್ಚಿನ ಲಾಭ ಅಂತ. ಇದ್ಯಾವ ನ್ಯಾಯ?

ಲೆಕ್ಕದ ಮನಿ, ಧಾರವಾಡ:
ಪ್ರೆಸ್ಸಿನವರ, ಅವರದು ಲೆಕ್ಕ ಬರಿಯೂ ಫರ್ಮು. 44ಎಡಿಯಾಗ ಬ್ಯಾಡ್ ಡೆಟ್ ಕೇಳೂ ಹಂಗಿಲ್ಲ ಅನ್ನೂದು ಖರೆ, ಆದ್ರ ಇಲ್ಲಿ ಪ್ರಶ್ನಿ ಅದಲ್ಲ.

ಪ್ರಿಂಟಿಂಗ್ ಪ್ರೆಸ್, ಗದಗ:
ಪ್ರಶ್ನಿ ಯಾವುದಾದ್ರೇನ್ರಿ, ಮುಳುಗಿದ್ದು ನಮ್ಮದ ರೊಕ್ಕ.

ತಾರಿಹಾಳ ಅಕೌಂಟ್ಸ್:
ಧಾರವಾಡದ ಸರ್, 54,000 ಬಗ್ಗೆ ಇಷ್ಟು ಸಲೀಸಾಗಿ ‘ಖರ್ಚಿಗೆ ಹಾಕ್ರಿ’ ಅನ್ನಬೇಡಿ. ಕಲಂ 36(2) ಪ್ರಕಾರ ಆ ಬಾಕಿ ಹಿಂದೆ ಆದಾಯದ ಲೆಕ್ಕದಲ್ಲಿ ಬಂದಿರಬೇಕು. ಇವರ ಮಾರಾಟ ಖಾತೆಯಲ್ಲಿ ಬಂದದ್ದು 4,00,000 ಮಾತ್ರ, ಜಿಎಸ್‌ಟಿ ನೇರ ಡ್ಯೂಟೀಸ್ ಖಾತೆಗೆ ಹೋಗಿದೆ. ಹಾಗಾಗಿ 3,00,000ಕ್ಕೆ ತಕರಾರಿಲ್ಲ, 54,000ಕ್ಕೆ ಇದೆ. ಫರ್ಮಿಗೆ 30 ಟಕ್ಕೆ, ಸೆಸ್ ಸೇರಿ 31.2. ಮೊದಲನೆಯದರಿಂದ ಉಳಿಯುವುದು 93,600, ಎರಡನೆಯದರಿಂದ 16,848. ಆ ಹದಿನಾರು ಸಾವಿರಕ್ಕಾಗಿ ಇಡೀ ಕಡತ ತೆರೆಸಿಕೊಳ್ಳಬೇಕಾ ಎಂದು ಮಾಲೀಕರೇ ನೋಡಲಿ.

ಲೆಕ್ಕದ ಮನಿ, ಧಾರವಾಡ:
ಮೇಡಂ, ಷೇರು ಬ್ರೋಕರ್ ಒಬ್ಬರ ಪ್ರಕರಣದಾಗ 2012ರಾಗ ಬಾಂಬೆ ಹೈಕೋರ್ಟ್ ಏನಂತು? ಬ್ರೋಕರೇಜ್ ಅಷ್ಟ ಆದಾಯದಾಗ ಬಂದಿದ್ದರೂ ಷೇರಿನ ಬೆಲಿ ಸೇರಿ ಪೂರ್ತಿ ಬಾಕಿ ಬ್ಯಾಡ್ ಡೆಟ್ ಅಂತು. ಬಾಕಿ ಒಂದ, ಅದರ ಒಂದು ಭಾಗ ಆದಾಯದಾಗ ಬಂದಿದ್ದರ ಸಾಕು. ಅದೂ ಬ್ಯಾಡಾದ್ರ ಧಂದೆದ ನಷ್ಟ ಅಂತ ಕೇಳಬಹುದು. ಅದಕ್ಕ ಎರಡು ಖಾತೆ ಬ್ಯಾರೆ ಹಾಕ್ರಿ ಅಂದದ್ದು.

ತಾರಿಹಾಳ ಅಕೌಂಟ್ಸ್:
ಅದು ಬ್ರೋಕರ್ ಪ್ರಕರಣ, ಜಿಎಸ್‌ಟಿಯದ್ದಲ್ಲ. ವಾದ ಮಾಡಬಹುದು, ಗೆದ್ದೇ ಗೆಲ್ಲುತ್ತೀರಿ ಅನ್ನಬೇಡಿ.

ಹಾರ್ಡ್‌ವೇರ್, ಹಾವೇರಿ:
ಶಾಣ್ಯಾರು ಇಬ್ಬರೂ ಕೂಡಿ ಪಾಪ ಅವರಿಗೆ 54,000 ಬರೂದಿಲ್ಲ ಅಂತ ಹೇಳಿದ್ರಿ. ನಾ ಹೇಳಿದ ದಾರಿಯಾಗ ಕೈಗೆ ಬರ್ತಿತ್ತು.

ಮೆಣಸಿನಕಾಯಿ ದಲಾಲಿ, ಬ್ಯಾಡಗಿ:
ಬಂದು, ಬಡ್ಡಿ ಕೂಡಿ ಹೋಗ್ತಿತ್ತು ತಮ್ಮಾ.
ಖರೇ ಸಿಟ್ಟು ಬರೂದು ಬ್ಯಾರೆ ಕಡೆ. ತಗೊಂಡಾಂವ 180 ದಿನದಾಗ ರೊಕ್ಕ ಕೊಡದಿದ್ದರ ನಿಯಮ 37ರ ಪ್ರಕಾರ ಅವನೂ ತನ್ನ ಕ್ರೆಡಿಟ್ ತಿರುಗಿ ಕಟ್ಟಬೇಕು. ಇವರ ಬಿಲ್ಲಿಗೆ ಅದು 8-2-2025ಕ್ಕ ತುಂಬೇದ. ಅಂದ್ರ ಅದ 54,000 ಸರಕಾರಕ್ಕ ಎರಡು ಕಡೆಯಿಂದ! ನಮ್ಮ ಒಣ ಮೆಣಸಿನಕಾಯಿಗೆ 5 ಟಕ್ಕೆ ಅಷ್ಟ, ಆದರೂ ಉರೀತದ. ಸಣ್ಣ ಉದ್ಯಮದವರ ಬಾಕಿ ವಸೂಲಿಗೆ ಇರೂ ಸಮಾಧಾನ್ ಪೋರ್ಟಲಿನಾಗ ಹೋಗೋಣಂದ್ರ ನಾವು ವ್ಯಾಪಾರಸ್ಥರು, ಉದ್ಯಮ್ ಇದ್ದರೂ ನಮಗ ಅದು ಬ್ಯಾಂಕ್ ಸಾಲಕ್ಕ ಅಷ್ಟ.

ತಾರಿಹಾಳ ಅಕೌಂಟ್ಸ್:
ಪ್ಯಾನಲ್‌ನವರು ತಯಾರಕರು, ಅವರಿಗೆ ಆ ದಾರಿ ತೆರೆದಿದೆ. ಮಾಲು ಕೊಡುವ ಮೊದಲೇ ಉದ್ಯಮ್ ನೋಂದಣಿ ಇತ್ತಾ ನೋಡಿಕೊಳ್ಳಿ. ರೈಟ್ ಆಫ್ ಮಾಡಿದರೆ ಕೇಳುವ ಹಕ್ಕು ಹೋಗುವುದಿಲ್ಲ, ದಾವೆ ಹಾಕಲು ಬಿಲ್ಲಿನ ಗಡುವಿನಿಂದ ಮೂರು ವರ್ಷ ಇದೆ. ಮುಂದೆ ರೊಕ್ಕ ಬಂದರೆ ಕಡಿತ ಪಡೆದಷ್ಟು ಆ ವರ್ಷದ ಆದಾಯ. ಜಿಎಸ್‌ಟಿ ಮತ್ತೆ ಕಟ್ಟುವುದಿಲ್ಲ, ಒಮ್ಮೆ ಕಟ್ಟಿಯಾಗಿದೆ.

ಪ್ಯಾನಲ್ ಬೋರ್ಡ್, ಗೋಕುಲ ರೋಡ್ ಹುಬ್ಬಳ್ಳಿ:
ಉದ್ಯಮ್ 2021ರದ್ದು ಅದ ಮೇಡಂ. ಅವರ ಗೋದಾಮಿನಾಗ ನಮ್ಮ ಎರಡು ಬೋರ್ಡು ಬಿಚ್ಚದ ಹಂಗ ಇದಾವಂತ ವಾಚಮನ್ ಹೇಳ್ಯಾನ. ಮಾಲು ತಿರುಗಿ ತಂದ್ರ ಕ್ರೆಡಿಟ್ ನೋಟ್ ನಡೀತದೇನ್ರಿ?

ಲೆಕ್ಕದ ಮನಿ, ಧಾರವಾಡ:
ನವೆಂಬರಿನಾಗ ಕೇಳಿದ್ರ ಹೂಂ ಅಂತಿದ್ದೆ. ಈಗ ತಂದ್ರ ತೆರಿಗಿ ಇಲ್ಲದ ಬರೇ ವ್ಯಾಪಾರದ ಕ್ರೆಡಿಟ್ ನೋಟ್ ಹಾಕಬೇಕು, ಆ ಎರಡು ಬೋರ್ಡಿನ ಬೆಲಿ ಬಾಕಿಯಿಂದ ಕಳದು ಉಳದಷ್ಟ ರೈಟ್ ಆಫ್. ಇಲ್ಲಾ ಅವರ ನಿಮಗ ಜಿಎಸ್‌ಟಿ ಬಿಲ್ಲು ಮಾಡಿ ಮಾರಬೇಕು, ಆಗ ಆ ತೆರಿಗಿ ನಿಮಗ ಕ್ರೆಡಿಟ್. ಆದ್ರ ಅದಕ್ಕ ಅವರ ನೋಂದಣಿ ಜೀವಂತ ಇರಬೇಕು. ಪೋರ್ಟಲಿನಾಗ ಅವರ ನಂಬರ್ ಹಾಕಿ ಸ್ಟೇಟಸ್ ನೋಡ್ರಿ ಮೊದಲ.

ಪ್ರಿಂಟಿಂಗ್ ಪ್ರೆಸ್, ಗದಗ:
ವಾಚಮನ್‌ಗೂ ಪಗಾರ ಬಾಕಿ ಇರ್ತದ ನೋಡ್ರಿ.

ಪ್ಯಾನಲ್ ಬೋರ್ಡ್, ಗೋಕುಲ ರೋಡ್ ಹುಬ್ಬಳ್ಳಿ:
ನೋಡಿದೆ. ನೋಂದಣಿ ಸಸ್ಪೆಂಡ್ ಅಂತ ತೋರಸಾಕತ್ತೇದ.