“ಇದೇ ಸ್ವರೂಪದ ಕಾಮಗಾರಿ” ಅಂತ ಬರೆದು ಸಿಕ್ಕಿಹಾಕಿಕೊಂಡೆವು, ಮರುಟೆಂಡರ್‌ನಲ್ಲಿ ಹೇಗೆ ಬರೆಯೋದು?

ಪೈಪ್‌ಲೈನ್_ಪೇಚು
ಕುಡಿಯುವ ನೀರಿನ ಕೊಳವೆ ಮಾರ್ಗದ ಕೆಲಸ: 250 ಮಿ.ಮೀ. ಪೈಪು, ಒಟ್ಟು 20 ಕಿ.ಮೀ. ಹೋದ ಸಲದ ಟೆಂಡರ್‌ನಲ್ಲಿ ಅರ್ಹತೆಯ ಸಾಲು ಹೀಗಿತ್ತು:

“ಬಿಡ್ಡುದಾರರು ಕಳೆದ 5 ವರ್ಷಗಳಲ್ಲಿ ಇದೇ ಸ್ವರೂಪದ ಕನಿಷ್ಠ ಒಂದು ಕಾಮಗಾರಿಯನ್ನು ಯಶಸ್ವಿಯಾಗಿ ನಿರ್ವಹಿಸಿರಬೇಕು. ಅದರ ಮೊತ್ತ ಈ ಕಾಮಗಾರಿಯ ಅಂದಾಜು ವೆಚ್ಚದ ಶೇ 40ಕ್ಕಿಂತ ಕಡಿಮೆ ಇರಬಾರದು.”

ತಾಂತ್ರಿಕ ಲಕೋಟೆ ತೆರೆದಾಗ ಮೂರು ಬಿಡ್‌ಗಳಲ್ಲಿ ಮೂರು ತಕರಾರು. ಒಬ್ಬರದು ಒಳಚರಂಡಿ ಪೈಪಿನ ಕೆಲಸ, “ಪೈಪು ಪೈಪೇ ತಾನೇ” ಅನ್ನೋದು ಅವರ ವಾದ. ಎರಡನೆಯವರ ಕೆಲಸ ಶೇ 92 ಆಗಿದೆ, ಮುಗಿದಿಲ್ಲ. ಮೂರನೆಯವರು 24 ಕಿ.ಮೀ.ಯ ಜಂಟಿ ಗುತ್ತಿಗೆಯಲ್ಲಿ ಶೇ 30ರ ಪಾಲುದಾರರು. ಸಮಿತಿ ಮೂವರನ್ನೂ ಕೈಬಿಟ್ಟಿತು, ಇಬ್ಬರು ಮೇಲ್ಮನವಿಗೆ ಹೋದರು, ಕೊನೆಗೆ ಟೆಂಡರೇ ರದ್ದು. ಈ ಸಲ ಸಾಲನ್ನು ಹೇಗೆ ಬರೆಯಬೇಕು?

ಬಿಡ್‌ಬೇಟೆ
ನಿಮ್ಮನ್ನು ಕೈಬಿಟ್ಟಿದ್ದಕ್ಕೆ ಲಿಖಿತ ಕಾರಣ ಕೊಟ್ಟಿದ್ದಾರಾ? ಇಲ್ಲದಿದ್ದರೆ ಮೊದಲು ಅದನ್ನು ಕೇಳಿ ಪತ್ರ ಹಾಕಿ, ಗಡುವು ಮೀರೋಕೆ ಬಿಡಬೇಡಿ.

ಪೈಪ್‌ಲೈನ್_ಪೇಚು
ನಾನು ಗುತ್ತಿಗೆದಾರ ಅಲ್ಲ ಸಾರ್, ಟೆಂಡರ್ ಕರೆಯುವ ಕಡೆಯವನು. ಕೈಬಿಟ್ಟವರ ಪೈಕಿ ನಾನೂ ಒಬ್ಬ!

ಷರಾ_ಬರೆಯುವವ
ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಕೊನೆಗೆ “ಈ ವಿಷಯದಲ್ಲಿ ಸಮಿತಿಯ ತೀರ್ಮಾನವೇ ಅಂತಿಮ” ಅಂತ ಒಂದು ಸಾಲು ಹಾಕಿಬಿಡಿ. ನಾವು ಯಾವಾಗಲೂ ಹಾಕುತ್ತೇವೆ.

ಹಳೇಕಡತ
ಆ ಸಾಲು ಸಣ್ಣಪುಟ್ಟದಕ್ಕೆ ಸರಿ. ಒಂದು ಪುಟಕ್ಕೆ ಸಹಿ ಬಿಟ್ಟುಹೋಗಿದೆ, ಅದನ್ನು ಆಮೇಲೆ ಕೇಳಿ ಪಡೆಯೋದಾ ಬೇಡವಾ ಅನ್ನುವಂಥದ್ದಕ್ಕೆ ಸಮಿತಿಗೆ ಸ್ವಲ್ಪ ಸ್ವಾತಂತ್ರ್ಯ ಬೇಕೇಬೇಕು. ಆದರೆ “ಇದೇ ಸ್ವರೂಪ” ಅಂದರೇನು ಅನ್ನೋದನ್ನು ಲಕೋಟೆ ತೆರೆದ ಮೇಲೆ ತೀರ್ಮಾನಿಸಿದರೆ ಅದು ಅರ್ಥ ಹೇಳಿದಂತೆ ಕಾಣುವುದಿಲ್ಲ, ಆಳು ನೋಡಿ ಮಣೆ ಹಾಕಿದಂತೆ ಕಾಣುತ್ತದೆ. ಮೇಲ್ಮನವಿಯಲ್ಲಿ ಕೇಳುವ ಮೊದಲ ಪ್ರಶ್ನೆಯೇ “ಈ ಅಳತೆಗೋಲು ಬಿಡ್ ಹಾಕುವಾಗ ನಮಗೆ ಗೊತ್ತಿತ್ತಾ?” ಅನ್ನೋದು.

ಪೇಚು ಅವರೇ, ನಿಮ್ಮ ಸಾಲಿನಲ್ಲಿ ನಾಲ್ಕು ಕಡೆ ಬಾಯಿ ತೆರೆದುಕೊಂಡಿದೆ. “ಸ್ವರೂಪ”ಕ್ಕೆ ಅಳತೆ ಇಲ್ಲ. “ನಿರ್ವಹಿಸಿರಬೇಕು” ಅಂದರೆ ಮುಗಿಸಿರಬೇಕೋ, ಮಾಡುತ್ತಿದ್ದರೂ ಸಾಕೋ ಗೊತ್ತಿಲ್ಲ. “ಕಳೆದ 5 ವರ್ಷ” ಎಲ್ಲಿಂದ ಎಣಿಸುವುದು? “ಮೊತ್ತ” ಅಂದರೆ ಕರಾರಿನದೋ, ಕೊನೆಯ ಬಿಲ್ಲಿನದೋ, ತೆರಿಗೆ ಸೇರಿಯೋ ಬಿಟ್ಟೋ? ಐದು ವರ್ಷದ ಹಿಂದಿನ ದರವನ್ನು ಇವತ್ತಿನ ಅಂದಾಜಿಗೆ ಹೋಲಿಸುವ ಜಗಳ ಬೇರೆ. ಅದಕ್ಕೆ ನಾನಾಗಿದ್ದರೆ ಮೊತ್ತವನ್ನೇ ಬಿಟ್ಟು ಕಿಲೋಮೀಟರಿಗೆ ಹೋಗುತ್ತೇನೆ. 20ರ ಶೇ 40 ಅಂದರೆ 8 ಕಿ.ಮೀ. ನನ್ನ ಕರಡು:

“ಬಿಡ್ಡುದಾರರು ಒಂದೇ ಗುತ್ತಿಗೆಯಡಿ, 200 ಮಿ.ಮೀ. ಅಥವಾ ಹೆಚ್ಚು ವ್ಯಾಸದ, ಒತ್ತಡದಲ್ಲಿ ನೀರು ಸಾಗಿಸುವ ಕೊಳವೆ ಮಾರ್ಗವನ್ನು ಕನಿಷ್ಠ 8 ಕಿ.ಮೀ. ಹಾಕಿ, ಒತ್ತಡ ಪರೀಕ್ಷೆ ಮುಗಿಸಿರಬೇಕು. ಆ ಗುತ್ತಿಗೆಯ ಪೂರ್ಣಗೊಂಡ ಪ್ರಮಾಣಪತ್ರದಲ್ಲಿರುವ ಮುಕ್ತಾಯದ ದಿನಾಂಕವು, ಈ ಟೆಂಡರ್ ಮೊದಲು ಪ್ರಕಟವಾದ ದಿನಕ್ಕೆ ಹಿಂದಿನ 5 ವರ್ಷಗಳೊಳಗೆ ಇರಬೇಕು. ಬಿಡ್ ಸಲ್ಲಿಕೆಯ ಕೊನೆಯ ದಿನ ಮುಂದೂಡಿದರೂ ಈ ಅವಧಿ ಬದಲಾಗದು.”

ಕೊನೆಯ ವಾಕ್ಯ ಯಾಕೆ ಅಂದರೆ, ಅವಧಿಯನ್ನು ಸಲ್ಲಿಕೆಯ ದಿನಕ್ಕೆ ಕಟ್ಟಿದ್ದ ಟೆಂಡರೊಂದನ್ನು ಮೂರು ವಾರ ಮುಂದೂಡಿದಾಗ, ಅರ್ಹನಾಗಿದ್ದ ಒಬ್ಬನ ಕೆಲಸ ಐದು ವರ್ಷದ ಗೆರೆ ದಾಟಿಹೋಗಿತ್ತು. ಅವನನ್ನು ಹೊರಹಾಕಲೆಂದೇ ಮುಂದೂಡಿದರು ಅಂತ ದೂರು ಬಂತು. ಹಾಗೆ ಯಾರೂ ಮಾಡಿರಲಿಲ್ಲ, ಆದರೆ ಅದನ್ನು ಸಾಬೀತು ಮಾಡೋದು ಹೇಗೆ?

ಬಿಡ್‌ಬೇಟೆ
ಮೊದಲು ತಪ್ಪು ತಿಳಿದುಕೊಂಡೆ, ಕ್ಷಮಿಸಿ. ಆದರೆ ನಾನು ಬಿಡ್ ಹಾಕುವವನು, ತೂತು ಹುಡುಕೋದೇ ನಮ್ಮ ಕಸುಬು. ಮೇಡಂ, “ಮೊದಲು ಪ್ರಕಟವಾದ ದಿನ” ಅಂದರೆ ಯಾವುದು? ಇದು ಮರುಟೆಂಡರ್. ರದ್ದಾದ ಟೆಂಡರಿನ ದಿನದಿಂದ ಎಣಿಸಿದರೆ ನನಗೆ ಲಾಭ ಅಂತಾದರೆ ಹಾಗೇ ಎಣಿಸುತ್ತೇನೆ.

ಹಳೇಕಡತ
ಸಿಕ್ಕಿಬಿದ್ದೆ. ಹಾಗಾದರೆ ಎಣಿಕೆಯನ್ನೇ ತೆಗೆದು ಎರಡು ದಿನಾಂಕಗಳನ್ನು ಅಂಕಿಯಲ್ಲೇ ಅಚ್ಚು ಹಾಕಿ: ಇಂಥ ದಿನದಿಂದ ಇಂಥ ದಿನದವರೆಗೆ, ಎರಡೂ ದಿನ ಸೇರಿ.

ಪೈಪ್‌ಲೈನ್_ಪೇಚು
ಹಳೆಯ ಮೂರು ಬಿಡ್‌ಗಳನ್ನೇ ಈ ಕರಡಿನ ಮೇಲೆ ಇಟ್ಟು ನೋಡಿದೆ. ಒಳಚರಂಡಿಯವರದು ಇಳಿಜಾರಿನಲ್ಲಿ ಹರಿಯುವ ಸಾಲು, ಒತ್ತಡದ್ದಲ್ಲ, ಆದ್ದರಿಂದ ಹೊರಗೆ. ಶೇ 92ರವರ ಬಳಿ ಪ್ರಮಾಣಪತ್ರ ಇಲ್ಲ, ಅವರೂ ಹೊರಗೆ. ಜಂಟಿ ಪಾಲುದಾರರ ಹತ್ತಿರ ಮಾತ್ರ ನಿಂತೆ. 24ರ ಶೇ 30 ಅಂದರೆ 7.2 ಕಿ.ಮೀ., ಹಾಗಾಗಿ ಹೊರಗೆ. ಆದರೆ ಅವರ ಪ್ರಮಾಣಪತ್ರದ ಎರಡನೇ ಪುಟದಲ್ಲಿ “ಈ ಪಾಲುದಾರರು ಹಾಕಿದ ಉದ್ದ 9.1 ಕಿ.ಮೀ.” ಅಂತ ಇದೆ. ಅದನ್ನು ಹಿಡಿದರೆ ಒಳಗೆ. ಅಂದರೆ ಸಾಲಿನಲ್ಲಿ ಇನ್ನೂ ಬಿರುಕಿದೆ.

ಇದನ್ನೇ ಪಕ್ಕದ ಮೇಜಿನವರಿಗೂ ಕೊಟ್ಟೆ. ಅವರು ಪೂರ್ತಿ 24 ಕಿ.ಮೀ. ಎಣಿಸಿ ಒಳಗೆ ಬಿಟ್ಟರು!

ಹಳೇಕಡತ
ನೀವು ಮಾಡಿದ್ದೇ ಸರಿಯಾದ ಪರೀಕ್ಷೆ. ಇಬ್ಬರು ಬೇರೆಬೇರೆ ಕೂತು ಒಂದೇ ಕಾಗದ ನೋಡಿ ಬೇರೆ ಉತ್ತರ ಕೊಟ್ಟರೆ ತಪ್ಪು ಓದಿದವರದಲ್ಲ, ಸಾಲಿನದು. ಇದನ್ನು ಸೇರಿಸಿ: “ಜಂಟಿ ಗುತ್ತಿಗೆಯಾಗಿದ್ದರೆ, ಬಿಡ್ಡುದಾರರು ಸ್ವತಃ ಹಾಕಿದ ಉದ್ದವೆಂದು ಪ್ರಮಾಣಪತ್ರದಲ್ಲಿ ನಮೂದಾಗಿರುವುದನ್ನು ಮಾತ್ರ ಪರಿಗಣಿಸಲಾಗುವುದು. ಹಾಗೆ ನಮೂದಿಲ್ಲದಿದ್ದರೆ, ಒಟ್ಟು ಉದ್ದವನ್ನು ಜಂಟಿ ಒಪ್ಪಂದದಲ್ಲಿರುವ ಅವರ ಶೇಕಡಾವಾರು ಪಾಲಿನಿಂದ ಗುಣಿಸಿ ಲೆಕ್ಕ ಹಾಕಲಾಗುವುದು.” ಆಗ ಅವರು 9.1ರ ಮೇಲೆ ಒಳಗೆ. ಎರಡನೇ ಪುಟ ಇಲ್ಲದಿದ್ದರೆ 7.2, ಹೊರಗೆ. ಎರಡರಲ್ಲೂ ಸಮಿತಿ ಬಾಯಿ ಬಿಡಬೇಕಾಗಿಲ್ಲ.

ಅಂಕಪಟ್ಟಿ
ನಮ್ಮದು ಕಾಮಗಾರಿಯಲ್ಲ, ಸಲಹಾ ಸೇವೆ, ಆದರೂ ಇದೇ ನೋವು. ಅನುಭವಕ್ಕೆ ಅಂಕ ಹೀಗಿಟ್ಟಿದ್ದೆವು: 3ರಿಂದ 5 ವರ್ಷ 5 ಅಂಕ, 5ರಿಂದ 8 ವರ್ಷ 8 ಅಂಕ, 8ಕ್ಕಿಂತ ಹೆಚ್ಚಾದರೆ 10. ಸರಿಯಾಗಿ 5 ವರ್ಷ ಇದ್ದವರಿಗೆ ಒಬ್ಬ ಸದಸ್ಯರು 5 ಕೊಟ್ಟರು, ಇನ್ನೊಬ್ಬರು 8. ಗೆದ್ದವರಿಗೂ ಸೋತವರಿಗೂ ಇದ್ದ ಅಂತರ 2 ಅಂಕ.

ಹಳೇಕಡತ
“3 ಅಥವಾ ಹೆಚ್ಚು, ಆದರೆ 5ಕ್ಕಿಂತ ಕಡಿಮೆ” ಅಂತ ಬರೆದು, ಮುಂದಿನ ಸಾಲನ್ನು “5 ಅಥವಾ ಹೆಚ್ಚು” ಅಂತ ಶುರು ಮಾಡಿ. ವರ್ಷವನ್ನು ಪೂರ್ಣ ತಿಂಗಳಲ್ಲಿ ಎಣಿಸುತ್ತೀರಾ ಅನ್ನೋದನ್ನೂ ಅಲ್ಲೇ ಹೇಳಿಬಿಡಿ. 4 ವರ್ಷ 11 ತಿಂಗಳಿನವರು ಖಂಡಿತ ಬರುತ್ತಾರೆ.

ಷರಾ_ಬರೆಯುವವ
ಒಪ್ಪಿದೆ. ಆದರೆ ಇಷ್ಟು ಬಿಗಿ ಮಾಡಿದರೆ ಬಿಡ್ಡುದಾರರೇ ಸಿಗುವುದಿಲ್ಲ. ಶೇ 92ರವರು ಆಗಲೇ ನೀರು ಹರಿಸುತ್ತಿರಬಹುದು, ಉಳಿದದ್ದು ರಸ್ತೆ ರಿಪೇರಿ ಇರಬಹುದು. ಪ್ರಮಾಣಪತ್ರ ಇಲ್ಲ ಅಂತ ಹೊರಹಾಕೋದು ನ್ಯಾಯವಾ?

ಹಳೇಕಡತ
ಇದರಲ್ಲಿ ನಿಮ್ಮ ಮಾತಿಗೆ ತೂಕವಿದೆ. ಪೂರ್ತಿ ಮುಗಿಯದ ಗುತ್ತಿಗೆಯಲ್ಲಿ ಒತ್ತಡ ಪರೀಕ್ಷೆಯಾಗಿ ಚಾಲೂ ಆದ ಭಾಗವನ್ನು ಎಣಿಸಬಹುದು, ಆದರೆ ಅದಕ್ಕೆ ಯಾರು ಸಹಿ ಮಾಡಿದ ಯಾವ ಕಾಗದ ಸಾಕು ಅಂತ ಹೇಳಬೇಕು. ಇಲ್ಲದಿದ್ದರೆ ಸೈಟಿನ ಯಾರೋ ಬರೆದುಕೊಟ್ಟ ಚೀಟಿಯೂ ಬರುತ್ತದೆ. ನಾನು ಮುಕ್ತಾಯದ ಪ್ರಮಾಣಪತ್ರಕ್ಕೇ ನಿಲ್ಲುತ್ತೇನೆ, ಅದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ.

ಬಿಡ್‌ಬೇಟೆ
ಪ್ರೀ-ಬಿಡ್ ಸಭೆಯಲ್ಲಿ ನಾನು ಇದನ್ನೇ ಕೇಳುತ್ತೇನೆ. ದಯವಿಟ್ಟು ಬಾಯಿಮಾತಲ್ಲಿ “ಆಗುತ್ತೆ ಬಿಡಿ” ಅನ್ನಬೇಡಿ. “ಷರತ್ತಿನಂತೆ ಕ್ರಮ” ಅಂತ ಉತ್ತರ ಬರೆಯೋದು ಇನ್ನೂ ಕೆಟ್ಟದ್ದು, ಅದು ಉತ್ತರವೇ ಅಲ್ಲ. ಹೌದು ಅನ್ನೋದಾದರೆ ತಿದ್ದೋಲೆ ಹೊರಡಿಸಿ ಆ ಸಾಲನ್ನೇ ಬದಲಿಸಿ, ಎಲ್ಲರಿಗೂ ತಲುಪಲಿ.

ಪೈಪ್‌ಲೈನ್_ಪೇಚು
ದಿನಾಂಕ, ಉದ್ದ, ಜಂಟಿ ಪಾಲು, ಮೂರನ್ನೂ ಕರಡಿಗೆ ಸೇರಿಸಿದೆ. ಭಾಗಶಃ ಮುಗಿದ ಕೆಲಸದ ವಿಷಯ ಮೇಲಿನವರ ಮುಂದೆ ಇಟ್ಟಿದ್ದೇನೆ, ಅಲ್ಲೂ ಇಬ್ಬರು ಆ ಕಡೆ, ಒಬ್ಬರು ಈ ಕಡೆ. ಸೋಮವಾರ ಇನ್ನೊಬ್ಬರಿಗೆ ಕರಡು ಕೊಟ್ಟು ಅದೇ ಮೂರು ಬಿಡ್ ಮೇಲೆ ಓದಿಸುತ್ತೇನೆ. ಉತ್ತರ ಬೇರೆ ಬಂದರೆ ಮತ್ತೆ ಇಲ್ಲಿಗೇ ಬರುತ್ತೇನೆ.