ಅಮೆರಿಕನ್ನರ ವಾಟರ್, ಸಿಟಿ, ಲ್ಯಾಡರ್: ಐಪಿಎಯಲ್ಲಿ ಹೇಗೆ ಬರೆಯುತ್ತೀರಿ?

ಕೇಳಿದವರು: ಕೋರ್ಸ್‌ಗೆ ಒಬ್ಬ ಅಮೆರಿಕನ್ ಮಾತಾಡಿದ ರೆಕಾರ್ಡಿಂಗ್ ಕೇಳಿ ಐಪಿಎಯಲ್ಲಿ ಬರೆಯಬೇಕು. ವಾಟರ್, ಸಿಟಿ ಅನ್ನುವಾಗ ಟ ಕೇಳಿಸುವುದೇ ಇಲ್ಲ, ಡ ತರ ಇದೆ. t ಬರೆಯಲಾ, d ಬರೆಯಲಾ, ɾ ಬರೆಯಲಾ? ಬರೆದು ರೂಢಿ ಇರುವವರು ಹೇಗೆ ಮಾಡುತ್ತೀರಿ?

ಎಂ.ಎ. ವಿದ್ಯಾರ್ಥಿ: ɾ ಬರೆಯಿರಿ. ಎರಡು ಸ್ವರಗಳ ಮಧ್ಯೆ t ಅಥವಾ d ಬಂದರೆ ಅದು ɾ, ಅಷ್ಟೇ. ನಾನು ಡಿಕ್ಷನರಿ ನೋಡಿ ಮೊದಲು t ಹಾಕಿಕೊಳ್ಳುತ್ತೇನೆ. ಆಮೇಲೆ ಸ್ವರಗಳ ಮಧ್ಯೆ ಇರುವುದನ್ನೆಲ್ಲ ಒಂದೇ ಸಲ ಬದಲಾಯಿಸುತ್ತೇನೆ. ಕೆಲಸ ಬೇಗ ಆಗುತ್ತದೆ.

ಧ್ವನಿಶಾಸ್ತ್ರ ಕಲಿಸುವವರು: ಚಿಹ್ನೆ ಸರಿ ಇದೆ. ಆದರೆ ಒಂದೇ ಸಲ ಬದಲಾಯಿಸಬೇಡಿ, ಒತ್ತು ಎಲ್ಲಿದೆ ಅಂತ ನೋಡಲೇಬೇಕು. ಆ್ಯಟಮ್, ಅಟಾಮಿಕ್ ಎರಡನ್ನೂ ಪಕ್ಕಪಕ್ಕ ಇಡಿ:

```
[ˈæɾəm]
[əˈtʰɑmɪk]
```

ಎರಡರಲ್ಲೂ t ಸ್ವರಗಳ ಮಧ್ಯೆಯೇ ಇದೆ. ಆ್ಯಟಮ್‌ನಲ್ಲಿ ಒತ್ತು ಮೊದಲೇ ಮುಗಿದಿದೆ, ಹಾಗಾಗಿ ನಾಲಿಗೆ ಸುಮ್ನೆ ತಟ್ಟಿ ಹೋಗುತ್ತದೆ. ಅಟಾಮಿಕ್‌ನಲ್ಲಿ t ಆದ ಕೂಡಲೇ ಒತ್ತಿನ ಸ್ವರ ಬರುತ್ತದೆ, ಅಲ್ಲಿ ಗಾಳಿ ಸಮೇತ ಪೂರ್ತಿ t ಕೇಳುತ್ತದೆ. ಪದದ ಒಳಗೆ ಈ ಲೆಕ್ಕ ಹೆಚ್ಚಾಗಿ ಕೈಕೊಡುವುದಿಲ್ಲ. ಪದದ ಕೊನೆಯ t ಮಾತ್ರ ಬೇರೆ. ಮುಂದಿನ ಪದ ಸ್ವರದಿಂದ ಶುರುವಾದರೆ ಸಾಕು, ಅದಕ್ಕೆ ಒತ್ತಿದ್ದರೂ t ತಟ್ಟು ಆಗಬಹುದು. ‘ಗೆಟ್ ಔಟ್ ಆಫ್ ದಟ್ ಹೊಟೆಲ್’ ಅಂತ ಬೇಗ ಹೇಳಿದ್ದನ್ನು ನಾನು ಹೀಗೆ ಬರೆಯುತ್ತೇನೆ:

```
[ɡɛɾ ˈaʊɾ əv ðæt̚ hoʊˈtʰɛl]
```

ನಾಲ್ಕು t ಇವೆ, ಮೊದಲ ಎರಡು ಮಾತ್ರ ತಟ್ಟು. ದಟ್ ಆದ ಮೇಲೆ ಹ ಬಂತು, ಅಲ್ಲಿ t ಬಾಯೊಳಗೇ ನಿಂತುಹೋಯಿತು. ಕೊನೆಯದಕ್ಕೆ ಒತ್ತಿದೆ.

ಇನ್ನೊಂದು ವಿಷಯ. ɾ ಬರೆದರೆ ಚೌಕ ಕಂಸದಲ್ಲೇ ಬರೆಯಿರಿ. ಓರೆಗೆರೆಗಳ ಮಧ್ಯೆ, ಅಂದರೆ /ˈætəm/ ಅನ್ನುವಲ್ಲಿ, t ಹಾಗೇ ಇರಬೇಕು. ಕೇಂಬ್ರಿಡ್ಜ್ ಡಿಕ್ಷನರಿಯ ಅಮೆರಿಕನ್ ಉಚ್ಚಾರಣೆಯಲ್ಲಿ t̬ ಅಂತ ಕೆಳಗೆ ಗುರುತು ಹಾಕಿರುತ್ತಾರೆ. ‘ಇದು t, ಆದರೆ ಇಲ್ಲಿ ತಟ್ಟಿ ಹೇಳುತ್ತಾರೆ’ ಅನ್ನುವುದಕ್ಕೆ ಅದು ಒಳ್ಳೆಯ ಉಪಾಯ. ನೀವು ಕೇಳಿದ್ದನ್ನು ಬರೆಯುತ್ತಿರುವುದರಿಂದ ನಿಮಗೆ ɾ ಸಾಕು.

ಕಾಲ್ ಸೆಂಟರ್‌ನಲ್ಲಿದ್ದವರು: ನಮಗೆ ಟ್ರೈನಿಂಗ್‌ನಲ್ಲಿ ವಾಡರ್, ಬೆಡರ್ ಅನ್ನಿ ಅಂತ ಹೇಳಿಕೊಟ್ಟಿದ್ದರು. ನಾನು ಹಾಗೇ ಮಾತಾಡುತ್ತಿದ್ದೆ, ಆದರೂ ಆ ಕಡೆಯವರು ಮತ್ತೆ ಮತ್ತೆ ಕೇಳುತ್ತಿದ್ದರು. ನೀವೂ ಡ ಅಂತ ಅಭ್ಯಾಸ ಮಾಡಿಕೊಳ್ಳಬೇಡಿ.

ಧ್ವನಿಶಾಸ್ತ್ರ ಕಲಿಸುವವರು: ಅವರು ಕೇಳಿದ್ದು ಬರೆಯುವ ಬಗ್ಗೆ ಸರ್, ಆದರೂ ನಿಮ್ಮ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಮ್ಮ ಡ ಹೇಳುವಾಗ ನಾಲಿಗೆ ತುದಿ ಹಿಂದಕ್ಕೆ ಮಡಿಸುತ್ತದೆ. ಅಮೆರಿಕನ್ನರದು ಹಾಗಲ್ಲ, ಹಲ್ಲಿನ ಹಿಂದಿನ ಉಬ್ಬಿಗೆ ಒಂದೇ ಸಲ ತಾಗಿ ಬಿಡುತ್ತದೆ. ‘ಮರ’ ಅನ್ನಿ, ಅಲ್ಲಿನ ರ ಇದಕ್ಕೆ ತುಂಬ ಹತ್ತಿರ. ಅದಕ್ಕೇ ಹೇಳುವುದು, ಕಿವಿಗೆ ಡ ಅನಿಸಿತು ಅಂತ ɖ ಅಥವಾ ɽ ಬರೆಯಬೇಡಿ. ಆ ಬಾಲದ ಚಿಹ್ನೆಗಳು ಮಡಿಸಿದ ನಾಲಿಗೆಗೆ. ɾ ಮತ್ತು ɽ ನೋಡಲು ಒಂದೇ ಥರ ಇವೆ, ಟೈಪ್ ಮಾಡುವಾಗ ಗಮನಿಸಿ: ನಿಮಗೆ ಬೇಕಾದದ್ದು U+027E.

ಎಂ.ಎ. ವಿದ್ಯಾರ್ಥಿ: ಒತ್ತಿನ ವಿಷಯ ಒಪ್ಪಿದೆ ಮೇಡಂ. ಆದರೆ ಲ್ಯಾಡರ್‌ನಲ್ಲಿ ಬರೆಯುವುದೇ d ಅಲ್ವಾ? ಅದನ್ನು d ಅಂತಲೇ ಬಿಡಬಹುದಲ್ಲ?

ಧ್ವನಿಶಾಸ್ತ್ರ ಕಲಿಸುವವರು: ಲ್ಯಾಟರ್‌ಗೆ ɾ ಹಾಕಿ ಲ್ಯಾಡರ್‌ಗೆ d ಹಾಕಿದರೆ, ನೀವು ಕೇಳಿದ್ದನ್ನು ಬಿಟ್ಟು ಸ್ಪೆಲಿಂಗ್ ಬರೆದ ಹಾಗಾಯಿತು. ಅನುಮಾನ ಬಂದರೆ ರೆಕಾರ್ಡಿಂಗನ್ನು ಧ್ವನಿ ಅಳೆಯುವ ಸಾಫ್ಟ್‌ವೇರ್ ಪ್ರಾಟ್‌ನಲ್ಲಿ ತೆರೆದು ನೋಡಿ. ತಟ್ಟು ಆಗಿದ್ದರೆ ಮುಚ್ಚಿದ ಭಾಗ ತೀರಾ ಚಿಕ್ಕದು, 20–30 ಮಿಲಿಸೆಕೆಂಡ್ ಇರಬಹುದು. ಕೆಳಗಿನ ಕಂಪನದ ಪಟ್ಟಿ ಸಾಮಾನ್ಯವಾಗಿ ಕಡಿಯದೆ ಮುಂದುವರಿದಿರುತ್ತದೆ. ನಿಜವಾದ t ಆಗಿದ್ದರೆ ಅಲ್ಲಿ ಖಾಲಿ ಜಾಗ ಕಾಣುತ್ತದೆ, ಆಮೇಲೆ ಗಾಳಿಯ ಗದ್ದಲ. ಜನ ನಿಧಾನವಾಗಿ, ಬಿಡಿಸಿ ಹೇಳುವಾಗ ವಾಟರ್‌ನಲ್ಲೂ ಪೂರ್ತಿ t ಬರುವುದುಂಟು. ಆಗ t ಅಂತಲೇ ಬರೆಯಬೇಕು.

ಟೊರಾಂಟೊದಿಂದ: ಇಲ್ಲಿ ನನ್ನ ಮಗಳು ರೈಟರ್, ರೈಡರ್ ಅನ್ನುವಾಗ ಮಧ್ಯದ ಸದ್ದು ಒಂದೇ, ಆದರೆ ಎರಡೂ ಬೇರೆ ಪದ ಅಂತ ಗೊತ್ತಾಗುತ್ತದೆ. ವ್ಯತ್ಯಾಸ ಇರುವುದು ಅದರ ಹಿಂದಿನ ಸ್ವರದಲ್ಲಿ. ನಾನು ಹೀಗೆ ಬರೆದುಕೊಂಡಿದ್ದೇನೆ:

```
[ˈɹʌɪɾɚ]
[ˈɹaɪɾɚ]
```

ಮೊದಲನೆಯದು ರೈಟರ್. ನೀವು ɾ ಮೇಲೆಯೇ ಕಣ್ಣಿಟ್ಟರೆ ಈ ಸ್ವರ ತಪ್ಪಿಹೋಗುತ್ತದೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಲ್ಯಾಡರ್‌ಗೂ ɾ ಹಾಕಿದೆ. ಲ್ಯಾಡರ್‌ನ ಸ್ವರ ಲ್ಯಾಟರ್‌ಗಿಂತ ಒಂಚೂರು ಉದ್ದ ಅನಿಸುತ್ತಿದೆ. ಅದಕ್ಕೆ [æˑ] ಅಂತ ಗುರುತು ಹಾಕಬೇಕಾ?

ಧ್ವನಿಶಾಸ್ತ್ರ ಕಲಿಸುವವರು: ಕೆಲವರ ಮಾತಲ್ಲಿ ಅಳೆದರೆ ಸ್ವಲ್ಪ ಉದ್ದ ಸಿಗುತ್ತದೆ, ಕೆಲವರಲ್ಲಿ ಇಲ್ಲ. ಬರಿ ಕಿವಿ ನಂಬಿ ನಾನು ಹಾಕುವುದಿಲ್ಲ.

ಟೊರಾಂಟೊದಿಂದ: ನಾನಾದರೆ ಹಾಕುತ್ತಿದ್ದೆ. ಕೇಳಿಸಿದ್ದನ್ನು ಬಿಡುವುದು ಯಾಕೆ?