ಎರಡು ತಿಂಗಳ ನೋಟಿಸು: ಸರ್ಕಾರದ ಮೇಲೆ ದಾವೆ ಹೂಡಿದವರ ಅನುಭವ

ಕೇಳಿದವರು: ನಮ್ಮ ಹೊಲದ ಪಕ್ಕ ರಸ್ತೆ ಅಗಲ ಮಾಡ್ತಾ ಇದ್ದಾರೆ. ನಮ್ಮ ಸರ್ವೆ ನಂಬರಿನೊಳಗೆ ಸುಮಾರು 4 ಗುಂಟೆ ಬಂದು ಕಲ್ಲು ನೆಟ್ಟಿದ್ದಾರೆ. ಭೂಸ್ವಾಧೀನ ಅಂತ ಒಂದು ಕಾಗದವೂ ಬಂದಿಲ್ಲ. ದಾವೆಗೆ ಮೊದಲು ಎರಡು ತಿಂಗಳ ನೋಟಿಸು ಕೊಡಬೇಕಂತೆ. ಅಷ್ಟರಲ್ಲಿ ಜೆಸಿಬಿ ಬಂದರೆ ಏನು ಮಾಡೋದು? ಎಂಜಿನಿಯರಿಗೆ ಕೊಟ್ಟರೆ ಸಾಕಾ? ಅನುಭವ ಇದ್ದವರು ಹೇಳಿ.

ಒಬ್ಬ ರೈತರು: ಅಕ್ಕ, ಎರಡು ತಿಂಗಳು ಅಂದರೆ ಎರಡು ತಿಂಗಳೇ. 60 ದಿನ ಅಂತ ಎಣಿಸಬೇಡಿ. ನಾನು ಅದರಲ್ಲೇ ಪೆಟ್ಟು ತಿಂದೆ.

ನಮ್ಮದೂ ಗಡಿ ತಕರಾರು. ನೋಟಿಸು ಕಚೇರಿಗೆ ತಲುಪಿದ್ದು 2024ರ ಜೂನ್ 10, ಸೋಮವಾರ. ನಾವು ದಿನ ಲೆಕ್ಕ ಹಾಕಿದೆವು. ಆಗಸ್ಟ್ 9ಕ್ಕೆ 60 ಆಯಿತು. ಅದು ಶುಕ್ರವಾರ. ಮಾರನೇ ದಿನ ಎರಡನೇ ಶನಿವಾರ, ಆಮೇಲೆ ಭಾನುವಾರ, ಕೋರ್ಟ್ ರಜೆ. ಸುಮ್ನೆ ಯಾಕೆ ತಡ ಅಂತ ಶುಕ್ರವಾರವೇ ದಾವೆ ಹಾಕಿಬಿಟ್ಟೆವು. ಆಗಸ್ಟ್ 10 ಪೂರ್ತಿ ಕಳೆಯಬೇಕಿತ್ತು. ಸೋಮವಾರ 12ಕ್ಕೆ ಹಾಕಿದ್ದರೆ ಏನೂ ತೊಂದರೆ ಇರಲಿಲ್ಲ.

ಸರ್ಕಾರಿ ವಕೀಲರು ಮೊದಲ ತಕರಾರೇ ಅದನ್ನು ತೆಗೆದರು. ಅಷ್ಟು ಹೊತ್ತಿಗೆ ಎರಡು ತಿಂಗಳು ಕಳೆದು ಎಷ್ಟೋ ದಿನ ಆಗಿತ್ತು. ಈಗ ಅವಧಿ ಮುಗಿದಿದೆಯಲ್ಲ ಸ್ವಾಮಿ ಅಂತ ನಮ್ಮವರು ವಾದಿಸಿದರು. ನಡೆಯಲಿಲ್ಲ. ದಾವೆ ಹಾಕಿದ ದಿನ ಅವಧಿ ಮುಗಿದಿತ್ತಾ ಇಲ್ಲವಾ ಅನ್ನೋದಷ್ಟೇ ಲೆಕ್ಕ ಅಂದರು. ಅರ್ಜಿ ತಿರಸ್ಕಾರ ಆಯಿತು. ಮತ್ತೆ ಹೊಸದಾಗಿ ಶುಲ್ಕ ಕಟ್ಟಿ ದಾವೆ ಹಾಕಿದೆವು.

ಇನ್ನೊಬ್ಬರು: ಇಷ್ಟೆಲ್ಲ ಯಾಕೆ? ಹೈಕೋರ್ಟಿಗೆ ರಿಟ್ ಹಾಕಿ. ಅಲ್ಲಿ ನೋಟಿಸೇ ಬೇಡ. ನಮ್ಮ ಸಂಬಂಧಿಕರಿಗೆ ಮೂರೇ ವಾರದಲ್ಲಿ ತಡೆ ಸಿಕ್ಕಿತು.

ವಕೀಲರ ಕಚೇರಿಯಲ್ಲಿ 22 ವರ್ಷ ಗುಮಾಸ್ತರಾಗಿದ್ದವರು: ರಿಟ್‌ಗೆ ಈ ನೋಟಿಸು ಬೇಡ ಅನ್ನೋದು ನಿಜ. ಆದರೆ ಅದು ಎಲ್ಲರಿಗೂ ಹೊಂದೋದಿಲ್ಲ. ಜಮೀನು ನಿಮ್ಮದೇ ಅಂತ ಇಲಾಖೆಯೂ ಒಪ್ಪಿ, ಸ್ವಾಧೀನ ಮಾಡದೆ ಸುಮ್ನೆ ತೆಗೆದುಕೊಂಡಿದ್ದರೆ ರಿಟ್ ಗಟ್ಟಿಯಾಗಿ ನಿಲ್ಲುತ್ತದೆ. "ಇದು ಮೊದಲಿಂದಲೂ ರಸ್ತೆ ಜಾಗ" ಅಂತ ಅವರು ಹೇಳಿದರೆ ಗಡಿ ಎಲ್ಲಿ ಅನ್ನೋದಕ್ಕೆ ಸಾಕ್ಷಿ ಬೇಕು, ಸರ್ವೆಯವರನ್ನು ಪಾಟೀ ಸವಾಲು ಮಾಡಬೇಕು. ಆಗ ಸಿವಿಲ್ ಕೋರ್ಟಿಗೆ ಹೋಗಿ ಅಂತ ಕಳಿಸೋದೇ ಜಾಸ್ತಿ. ಈ ಮೇಡಂ ವಿಷಯದಲ್ಲಿ ಇಲಾಖೆ ಏನು ಹೇಳುತ್ತಿದೆ ಅಂತ ಇನ್ನೂ ಗೊತ್ತಿಲ್ಲ.

ಈಗ ನೋಟಿಸಿಗೆ ಬರೋಣ. ಸಿವಿಲ್ ಪ್ರಕ್ರಿಯಾ ಸಂಹಿತೆ 1908ರ 80ನೇ ಕಲಂ ಇದನ್ನು ಹೇಳುತ್ತದೆ. ಎಂಜಿನಿಯರ್ ಒಬ್ಬರಿಗೇ ಕೊಟ್ಟರೆ ಸಾಲದು. ರಾಜ್ಯ ಸರ್ಕಾರದ ಮೇಲಾದರೆ ಸರ್ಕಾರದ ಕಾರ್ಯದರ್ಶಿಗೆ ಇಲ್ಲವೇ ಜಿಲ್ಲೆಯ ಕಲೆಕ್ಟರಿಗೆ, ಅಂದರೆ ನಮ್ಮ ಜಿಲ್ಲಾಧಿಕಾರಿಗೆ ತಲುಪಬೇಕು. ಕೇಂದ್ರದ ಇಲಾಖೆಯಾದರೆ ಅಲ್ಲಿನ ಕಾರ್ಯದರ್ಶಿಗೆ, ರೈಲ್ವೆಯಾದರೆ ಆ ವಲಯದ ಜನರಲ್ ಮ್ಯಾನೇಜರಿಗೆ. ಎಂಜಿನಿಯರನ್ನೂ ಪಕ್ಷಗಾರ ಮಾಡೋದಾದರೆ ಅವರಿಗೂ ಒಂದು ಪ್ರತಿ ಕೊಡಿ. ಅವರು ಕೆಲಸದ ಅಧಿಕಾರದಲ್ಲಿ ಮಾಡಿದ್ದಕ್ಕೂ ಈ ನೋಟಿಸು ಬೇಕೇ ಬೇಕು. ಹಾಗೇ ದಾವೆಯಲ್ಲಿ ಮೊದಲ ಪ್ರತಿವಾದಿ "ಕರ್ನಾಟಕ ರಾಜ್ಯ" ಅಂತ ಇರಬೇಕು. ಅಧಿಕಾರಿಯ ಹೆಸರಷ್ಟೇ ಹಾಕಿ, ಸರ್ಕಾರವನ್ನು ಬಿಟ್ಟು ನಡೆಸಿದ ಕೇಸುಗಳು ಕೊನೆಯಲ್ಲಿ ಮುಗ್ಗರಿಸಿದ್ದನ್ನು ನೋಡಿದ್ದೇನೆ.

ನೋಟಿಸು ಅಂಚೆಗೆ ಹಾಕಿದ ದಿನ ಲೆಕ್ಕಕ್ಕೆ ಬರೋದಿಲ್ಲ, ತಲುಪಿದ ದಿನ ಬರುತ್ತದೆ. ಅದಕ್ಕೇ ನಾವು ಎರಡು ಕೆಲಸ ಮಾಡುತ್ತಿದ್ದೆವು. ಸ್ವೀಕೃತಿ ಬರುವ ಹಾಗೆ ಅಂಚೆಯಲ್ಲಿ ಒಂದು, ಕೈಯಾರೆ ಇನ್ನೊಂದು. ಜಿಲ್ಲಾಧಿಕಾರಿ ಕಚೇರಿಯ ಟಪಾಲು ಶಾಖೆಗೆ ಹೋಗಿ, ನಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಸಹಿ ಹಾಕಿಸಿಕೊಂಡು ಬರೋದು. ದಾವೆಯಲ್ಲಿ ಆ ಪ್ರತಿಯನ್ನೇ ಹಾಜರುಪಡಿಸಿದರೆ ತಾರೀಖಿನ ಜಗಳವೇ ಏಳೋದಿಲ್ಲ. ನೋಟಿಸು ತಲುಪಿಸಿದ್ದೇವೆ ಅನ್ನುವ ಮಾತನ್ನು ದಾವೆ ಅರ್ಜಿಯೊಳಗೂ ಬರೆಯಬೇಕು. ಇದನ್ನು ಎಷ್ಟೋ ಜನ ಮರೆಯುತ್ತಾರೆ.

ಮತ್ತೊಬ್ಬರು: ನನಗೂ ಹೋದ ವಾರ ತಾಲೂಕು ಕಚೇರಿಯಿಂದ ನೋಟಿಸು ಬಂದಿದೆ, ಒತ್ತುವರಿ ತೆರವು ಮಾಡಿ ಅಂತ. ನನಗೂ ಎರಡು ತಿಂಗಳು ಸಿಗುತ್ತದಾ?

ಗುಮಾಸ್ತರಾಗಿದ್ದವರು: ಇಲ್ಲ ಸರ್, ಅದೇ ಬೇರೆ. ಇಲ್ಲಿ ಹೇಳುತ್ತಿರೋದು ನಾವು ಸರ್ಕಾರಕ್ಕೆ ಕೊಡುವ ನೋಟಿಸು. ನಿಮಗೆ ಬಂದ ಕಾಗದದಲ್ಲಿ ಉತ್ತರ ಕೊಡೋಕೆ ಎಷ್ಟು ದಿನ ಅಂತ ಬರೆದಿದೆಯೋ ಅಷ್ಟೇ. ಅದನ್ನು ಹಿಡಿದುಕೊಂಡು ಇವತ್ತೇ ವಕೀಲರ ಹತ್ತಿರ ಹೋಗಿ.

ಮೇಡಂ ಕೇಳಿದ ಜೆಸಿಬಿ ಪ್ರಶ್ನೆಗೆ ಅದೇ ಕಲಮಿನಲ್ಲಿ ದಾರಿ ಇದೆ. ತುರ್ತು ಪರಿಹಾರ ಬೇಕಾಗಿದ್ದರೆ, ಕೋರ್ಟಿನ ಅನುಮತಿ ಪಡೆದು ನೋಟಿಸಿಲ್ಲದೆಯೇ ದಾವೆ ಹಾಕಬಹುದು. 80ರ ಎರಡನೇ ಉಪಕಲಂ. ದಾವೆಯ ಜೊತೆಗೇ ಒಂದು ಅರ್ಜಿ, ಅದಕ್ಕೆ ಅಫಿಡವಿಟ್. ಆದರೆ ಇಲ್ಲಿ ಜನ ಒಂದು ತಪ್ಪು ತಿಳಿಯುತ್ತಾರೆ. ಖಾಸಗಿಯವರ ಮೇಲೆ ಹಾಕಿದ ದಾವೆಯಲ್ಲಿ ಅದೇ ದಿನ ತಡೆ ಸಿಗುವ ಹಾಗೆ ಇಲ್ಲೂ ಸಿಗುತ್ತದೆ ಅಂದುಕೊಳ್ಳುತ್ತಾರೆ. ಇಲ್ಲಿ ಸರ್ಕಾರದ ಮಾತು ಕೇಳದೆ ಕೋರ್ಟ್ ಮಧ್ಯಂತರ ತಡೆಯನ್ನೂ ಕೊಡುವ ಹಾಗಿಲ್ಲ. ಸರ್ಕಾರಿ ವಕೀಲರಿಗೆ ತುರ್ತು ನೋಟಿಸು ಹೋಗುತ್ತದೆ, ಅವರು ಬಂದು ಹೇಳಿದ ಮೇಲೆ ಆದೇಶ. ಹಾಗಾಗಿ ಜೆಸಿಬಿ ಬಂದ ದಿನ ಓಡಿದರೆ ತಡವಾಗುತ್ತದೆ.

ತುರ್ತು ಇದೆ ಅಂತ ತೋರಿಸೋದು ಬಾಯಿಮಾತಿನಲ್ಲಿ ಆಗೋದಿಲ್ಲ. ಕಲ್ಲು ನೆಟ್ಟ ಫೋಟೋ ತಾರೀಖಿನ ಜೊತೆ ಬೇಕು. ಕೆಲಸಕ್ಕೆ ಟೆಂಡರ್ ಆಗಿದೆಯಾ, ಕಾರ್ಯಾದೇಶ ಕೊಟ್ಟಿದ್ದಾರಾ ಅಂತ ನೋಡಿ, ಪ್ರತಿ ತೆಗೆಯಿರಿ. ನಮ್ಮ ಕಚೇರಿಗೆ ಬಂದ ಒಬ್ಬರು ಆರು ತಿಂಗಳ ಹಿಂದೆ ನೆಟ್ಟ ಕಲ್ಲಿಗೆ ತುರ್ತು ಅಂತ ಅರ್ಜಿ ಹಾಕಿಸಿದರು. ಆರು ತಿಂಗಳು ಸುಮ್ಮನಿದ್ದವರಿಗೆ ಇವತ್ತು ಏನು ತುರ್ತು ಅಂತ ನ್ಯಾಯಾಧೀಶರು ಕೇಳಿದರು. ತುರ್ತು ಇಲ್ಲ ಅನ್ನಿಸಿದರೆ ದಾವೆ ವಜಾ ಆಗೋದಿಲ್ಲ. ನೋಟಿಸು ಕೊಟ್ಟು, ಅವಧಿ ಮುಗಿಸಿ ಬನ್ನಿ ಅಂತ ದಾವೆ ಅರ್ಜಿಯನ್ನು ವಾಪಸ್ ಕೊಡುತ್ತಾರೆ. ಅವರಿಗೂ ಹಾಗೇ ಆಯಿತು.

ಒಬ್ಬ ಯುವ ವಕೀಲೆ: ಒಂದು ಮಾತು ಸೇರಿಸ್ತೀನಿ. ತುರ್ತು ಅರ್ಜಿ ಹಾಕುವ ದಿನವೇ ನೋಟಿಸನ್ನೂ ತಲುಪಿಸಿಬಿಡಿ. ಅರ್ಜಿ ವಾಪಸ್ ಬಂದರೂ ಎರಡು ತಿಂಗಳ ಎಣಿಕೆ ಶುರುವಾಗಿರುತ್ತದೆ, ಅಲ್ವಾ.

ಗುಮಾಸ್ತರಾಗಿದ್ದವರು: ನಮ್ಮ ಹಿರಿಯ ವಕೀಲರು ಇದಕ್ಕೆ ಒಪ್ಪುತ್ತಿರಲಿಲ್ಲ ಮೇಡಂ. ನೋಟಿಸು ಕೊಟ್ಟಿದ್ದೀರಿ ಅಂದಮೇಲೆ ಕಾಯಬಹುದಲ್ಲ ಅಂತ ಎದುರಿನವರು ಹೇಳುತ್ತಾರೆ ಅನ್ನೋದು ಅವರ ಭಯ. ನೀವು ಹೇಳೋದರಲ್ಲೂ ಅರ್ಥ ಇದೆ. ಕೇಸು ನಡೆಸುವ ವಕೀಲರೇ ತೀರ್ಮಾನಿಸಲಿ.

ಒಬ್ಬ ಗುತ್ತಿಗೆದಾರರು: ನನ್ನದು ಜಮೀನಲ್ಲ, ಬಿಲ್ಲು. ಚರಂಡಿ ಕೆಲಸ ಮುಗಿಸಿದೆ, ಅಳತೆ ಪುಸ್ತಕದಲ್ಲಿ ದಾಖಲಾಗಿದೆ, 2 ಲಕ್ಷ 60 ಸಾವಿರ ಬಾಕಿ. ಇವತ್ತು ನಾಳೆ ಅಂತ ಅಲೆದಾಡಿಸಿದರು. ಮೂರು ವರ್ಷದ ಕಾಲಮಿತಿ ಮುಗಿಯೋಕೆ ಹತ್ತು ದಿನ ಇದ್ದಾಗ ವಕೀಲರಿಗೆ ಹೇಳಿದೆ. ಎರಡು ತಿಂಗಳು ಕಾದರೆ ಕಾಲಮಿತಿ ದಾಟುತ್ತದೆ, ಕಾಯದಿದ್ದರೆ ದಾವೆ ಬೀಳುತ್ತದೆ ಅಂತ ಎದೆ ಒಡೆದುಹೋಯಿತು. ಆಮೇಲೆ ಗೊತ್ತಾಯಿತು, ಕಾಲಮಿತಿ ಕಾಯ್ದೆಯ 15ನೇ ಕಲಂ ಪ್ರಕಾರ ನೋಟಿಸಿನ ಅವಧಿಯನ್ನು ಲೆಕ್ಕದಿಂದ ಬಿಡುತ್ತಾರೆ. ಹತ್ತು ದಿನದೊಳಗೆ ನೋಟಿಸು ತಲುಪಿಸಿದೆವು, ಎರಡು ತಿಂಗಳು ಕಳೆದ ಕೂಡಲೇ ದಾವೆ ಹಾಕಿದೆವು. ಕಾಲಮಿತಿ ತಕರಾರು ನಿಲ್ಲಲಿಲ್ಲ. ಕಚೇರಿಯವರು ಬಾಯಲ್ಲಿ ಕೊಡುವ ಭರವಸೆಯಿಂದ ಕಾಲಮಿತಿ ಬೆಳೆಯೋದಿಲ್ಲ ಅಂತ ನನಗೆ ಮೊದಲೇ ಯಾರೂ ಹೇಳಿರಲಿಲ್ಲ.

ಯುವ ವಕೀಲೆ: ನಿಮ್ಮ ಬಾಕಿ 3 ಲಕ್ಷ ದಾಟಿದ್ದರೆ ವಾಣಿಜ್ಯ ವ್ಯಾಜ್ಯ ಅಂತ ಇನ್ನೊಂದು ದಾರಿಗೆ ಹೋಗುತ್ತಿತ್ತು. ಅಲ್ಲಿ ತುರ್ತು ಪರಿಹಾರ ಕೇಳದಿದ್ದರೆ ದಾವೆಗೆ ಮೊದಲು ಮಧ್ಯಸ್ಥಿಕೆಗೂ ಹೋಗಬೇಕು. ಕರಾರಿನಲ್ಲಿ ಪಂಚಾಯ್ತಿದಾರರ ಷರತ್ತು ಇದೆಯಾ ಅಂತಲೂ ಮೊದಲೇ ನೋಡಿಕೊಳ್ಳಬೇಕು.

ಒಬ್ಬ ನಿವೃತ್ತ ಶಿಕ್ಷಕರು: ನಮಗೆ ನೋಟಿಸಿನಿಂದಲೇ ಅರ್ಧ ಕೆಲಸ ಆಯಿತು. ಅದಕ್ಕೇ ಇದನ್ನು ಹೇಳಬೇಕು ಅನ್ನಿಸಿತು. ನೋಟಿಸು ಕೊಡುವ ಮೊದಲು ಹದ್ದುಬಸ್ತಿಗೆ ಅರ್ಜಿ ಹಾಕಿ ಅಳತೆ ಮಾಡಿಸಿದ್ದೆವು. ಸರ್ವೆಯವರ ನಕ್ಷೆಯಲ್ಲಿ ಕಲ್ಲುಗಳು ನಮ್ಮ ಗಡಿಯಿಂದ 18 ಅಡಿ ಒಳಗಿದ್ದವು. ಆ ನಕ್ಷೆ, ಪಹಣಿ, ಫೋಟೋ ಮೂರನ್ನೂ ನೋಟಿಸಿಗೆ ಲಗತ್ತಿಸಿದೆವು. ಆರು ವಾರಕ್ಕೆ ಉತ್ತರ ಬಂತು, ಜಂಟಿ ಸರ್ವೆ ಮಾಡೋಣ ಅಂತ. ಮಾಡಿದಾಗ ಎರಡು ಕಲ್ಲು ವಾಪಸ್ ಸರಿದವು. ಉಳಿದ ಒಂದು ಕಲ್ಲಿಗೆ ದಾವೆ ಇನ್ನೂ ನಡೀತಿದೆ.

ಯುವ ವಕೀಲೆ: ಸರ್, ನಿಮಗೆ ಉತ್ತರ ಬಂದಿದ್ದೇ ದೊಡ್ಡದು. ಇಂಥ ನೋಟಿಸುಗಳಿಗೆ ಉತ್ತರವೇ ಬರೋದಿಲ್ಲ ಅಂತ 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಬೇಸರ ಪಟ್ಟಿತ್ತು. ಉತ್ತರ ಕೊಡೋಕೆ ಒಬ್ಬ ಅಧಿಕಾರಿಯನ್ನು ನೇಮಿಸಿ ಅಂತಲೂ ಹೇಳಿತು.

ಕೇಳಿದವರು: ಎಲ್ಲರಿಗೂ ತುಂಬಾ ಉಪಕಾರ ಆಯಿತು. ನಾಳೆಯೇ ಹದ್ದುಬಸ್ತಿಗೆ ಅರ್ಜಿ ಹಾಕ್ತೀನಿ. ಇನ್ನೊಂದು ಪ್ರಶ್ನೆ. ಪಹಣಿ ನನ್ನ ಮತ್ತು ಇಬ್ಬರು ತಮ್ಮಂದಿರ ಹೆಸರಲ್ಲಿ ಜಂಟಿಯಾಗಿದೆ. ನೋಟಿಸು ನನ್ನೊಬ್ಬಳ ಹೆಸರಲ್ಲಿ ಹೋದರೆ ನಡೆಯುತ್ತದಾ?

ಗುಮಾಸ್ತರಾಗಿದ್ದವರು: ಬೇಡ. ಯಾರ್ಯಾರು ದಾವೆ ಹಾಕುತ್ತೀರೋ ಅವರೆಲ್ಲರ ಹೆಸರು, ವಿವರ, ವಿಳಾಸ ನೋಟಿಸಿನಲ್ಲಿ ಇರಲಿ. ಒಬ್ಬರು ಕೊಟ್ಟ ನೋಟಿಸಿನ ಮೇಲೆ ಇಬ್ಬರು ದಾವೆ ಹಾಕಿ ಸೋತ ಹಳೆಯ ಕೇಸು 1947ರಲ್ಲೇ ಪ್ರಿವಿ ಕೌನ್ಸಿಲ್ ತನಕ ಹೋಗಿತ್ತು. ಆಮೇಲೆ 1976ರ ತಿದ್ದುಪಡಿಯಲ್ಲಿ, ಸಣ್ಣ ದೋಷಕ್ಕೆ ದಾವೆ ವಜಾ ಮಾಡಬಾರದು ಅಂತ ಸೇರಿಸಿದರು ನಿಜ. ಆದರೂ ಆ ರಕ್ಷಣೆ ನಂಬಿ ನೋಟಿಸು ಬರೆಯಬೇಡಿ. ಕೇಳುವ ಪರಿಹಾರವನ್ನೂ ಪೂರ್ತಿ ಬರೆಯಿರಿ. ಜಾಗ ನಿಮ್ಮದು ಅಂತ ಘೋಷಣೆ, ಕೆಲಸಕ್ಕೆ ತಡೆ, ಬೆಳೆ ಹಾಳಾಗಿದ್ದರೆ ಅದರ ಪರಿಹಾರ ಇಷ್ಟು ರೂಪಾಯಿ ಅಂತ. ನೋಟಿಸಿನಲ್ಲಿ ಕೇಳದ್ದನ್ನು ದಾವೆಯಲ್ಲಿ ಹೊಸದಾಗಿ ಕೇಳಿದರೆ ಅಲ್ಲೊಂದು ತಕರಾರು ಹುಟ್ಟುತ್ತದೆ. ತಮ್ಮಂದಿರಲ್ಲಿ ಯಾರಾದರೂ ಸಹಿ ಹಾಕೋಕೆ ಹಿಂಜರಿದರೆ ಈಗಲೇ ವಕೀಲರಿಗೆ ತಿಳಿಸಿ. ದಾವೆಯಲ್ಲಿ ಅವರನ್ನು ಪ್ರತಿವಾದಿಯ ಜಾಗದಲ್ಲಿ ಸೇರಿಸಬೇಕಾಗುತ್ತದೆ. ಅದನ್ನು ನೋಟಿಸು ಬರೆಯುವ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.